ಹತ್ತು ಸಾವಿರದಿಂದ ಹತ್ತು ಸಾವಿರದ ಹತ್ತರವರೆಗೆ

ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಸಂಜೆ ಏಳರ ಮೇಲೆ ಬಿ.ಎಸ್ಸಿ. ಓದುವ ನಾಲ್ಕೈದು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬಳು ಕುಂದಾಪುರ ಕಡೆಯವಳು, ಅಪ್ಪನದು ಮುಲುಂಡಿನಲ್ಲಿ ಚಿಕ್ಕ ಹೋಟೆಲು. ಒಂದು ದಿನ ಕ್ಯಾಲ್ಕುಲೇಟರ್ ಹಿಡಿದುಕೊಂಡೇ ಬಂದಳು. "ಸರ್, cos(π√n) ಕನ್ವರ್ಜ್ ಆಗ್ತದೆ. ಲೆಕ್ಕ ಮಾಡಿಯೇ ನೋಡಿದೆ."

ಅವಳು n = 10000 ರಿಂದ 10010 ರವರೆಗೆ ಬೆಲೆ ಬರೆದಿದ್ದಳು. ಮೊದಲನೆಯದು 1. ಮುಂದಿನದು 0.9999. ಕೊನೆಯದು 0.988. ಸಾಲದ್ದಕ್ಕೆ ಕೆಳಗೆ ಒಂದು ವಾದವೂ ಇತ್ತು: ಅಕ್ಕಪಕ್ಕದ ಎರಡು ಪದಗಳ ನಡುವಿನ ವ್ಯತ್ಯಾಸ π/(2√n) ಗಿಂತ ಕಡಿಮೆ, ಅದು ಸೊನ್ನೆಗೆ ಹೋಗುತ್ತದೆ, ಆದ್ದರಿಂದ ಶ್ರೇಢಿ ಒಂದು ಮಿತಿಗೆ ಸೇರುತ್ತದೆ. ವ್ಯತ್ಯಾಸದ ಲೆಕ್ಕ ಪೂರ್ತಿ ಸರಿ. "ಆದ್ದರಿಂದ" ಎಂಬ ಒಂದೇ ಪದ ತಪ್ಪು.

ನಾನು ಬೈಯಲಿಲ್ಲ. ಓದುವ ಕಾಲದಲ್ಲಿ ನಾನೂ ಇದೇ ಗುಂಡಿಗೆ ಬಿದ್ದವನು. "10201 ಹಾಕು" ಎಂದೆ. ಅದು 101ರ ವರ್ಗ. cos(101π) ಎಂದರೆ −1. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುವೆ ಏನಾಯ್ತು?" ಅಂದಳು. ಏನೂ ಆಗಿಲ್ಲ. 201 ಹೆಜ್ಜೆಗಳಲ್ಲಿ 1ರಿಂದ −1ಕ್ಕೆ ನಡೆದು ಹೋಗಿದೆ, ಅಷ್ಟೇ. ಒಂದೊಂದು ಹೆಜ್ಜೆಯೂ 0.016ಕ್ಕಿಂತ ಚಿಕ್ಕದು. ಮುಂದೆ ಹೋದಂತೆ ಹೆಜ್ಜೆ ಇನ್ನೂ ಸಣ್ಣದಾಗುತ್ತದೆ, ಆದರೆ ಹೆಜ್ಜೆಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಹನ್ನೊಂದು ಪದ ನೋಡಿ ತೀರ್ಮಾನಿಸುವುದೆಂದರೆ ಠಾಕುರ್ಲಿಯಿಂದ ಡೊಂಬಿವಲಿಗೆ ಬಂದು, ಗಾಡಿ ಸಿಎಸ್‌ಎಂಟಿಗೆ ಹೋಗುವುದೇ ಇಲ್ಲ ಎಂದ ಹಾಗೆ.

ಹಾಗಾದರೆ ಕನ್ವರ್ಜ್ ಆಗುವುದಿಲ್ಲ ಎಂದು ಬರೆದು ತೋರಿಸುವುದು ಹೇಗೆ? ಇಲ್ಲಿ ನಾನು ಮಾಡಿಸುವ ಕೆಲಸ ಎರಡು ಉಪಶ್ರೇಢಿ ಹುಡುಕುವುದು, ಅಂದರೆ ಮೂಲ ಶ್ರೇಢಿಯಿಂದಲೇ ಕ್ರಮ ಕೆಡಿಸದೆ ಕೊನೆಯಿಲ್ಲದಷ್ಟು ಪದ ಆರಿಸಿಕೊಳ್ಳುವುದು. n ಅನ್ನು ಸಮಸಂಖ್ಯೆಗಳ ವರ್ಗವಾಗಿ ತೆಗೆದುಕೊಳ್ಳಿ: 4, 16, 36, ಹೀಗೆ. ಅಲ್ಲೆಲ್ಲ ಬೆಲೆ 1. ಬೆಸಸಂಖ್ಯೆಗಳ ವರ್ಗ ತೆಗೆದುಕೊಳ್ಳಿ: 1, 9, 25. ಅಲ್ಲೆಲ್ಲ −1. ಒಂದು ಉಪಶ್ರೇಢಿಯ ಮಿತಿ 1, ಇನ್ನೊಂದರದ್ದು −1. ಅಲ್ಲಿಗೆ ಮೂಲ ಶ್ರೇಢಿಗೆ ಮಿತಿ ಇಲ್ಲ.

"ಯಾಕೆ ಅಲ್ಲಿಗೆ?" ಎಂದು ಕೇಳುವವರೇ ನನಗೆ ಇಷ್ಟ. ಹೆಚ್ಚಿನ ಮಕ್ಕಳು ಈ ನಿಯಮವನ್ನು ಮಂತ್ರದ ಹಾಗೆ ಬರೆದು ಮುಂದೆ ಹೋಗುತ್ತಾರೆ. ನಾನು ಒಮ್ಮೆಯಾದರೂ ಕೈಯಿಂದ ಬಿಡಿಸುತ್ತೇನೆ. ಯಾವುದೋ ಒಂದು L ಮಿತಿ ಇದೆ ಎಂದುಕೊಳ್ಳೋಣ. ಆಗ ε = 1 ಕೊಟ್ಟರೆ ಒಂದು N ಸಿಗಬೇಕು; ಅದನ್ನು ದಾಟಿದ ಪ್ರತಿಯೊಂದು ಪದವೂ L ನಿಂದ 1ಕ್ಕಿಂತ ಕಡಿಮೆ ದೂರದಲ್ಲಿ ಇರಬೇಕು. "ಪ್ರತಿಯೊಂದು" ಎಂಬಲ್ಲೇ ಇಡೀ ವಾದದ ಜೀವ ಇದೆ. N ಎಷ್ಟೇ ದೊಡ್ಡದಿರಲಿ, ಅದರಾಚೆ ಒಂದು ಸಮವರ್ಗವೂ ಒಂದು ಬೆಸವರ್ಗವೂ ಇದ್ದೇ ಇರುತ್ತವೆ. ಅಲ್ಲಿನ ಬೆಲೆಗಳು 1 ಮತ್ತು −1. ಎರಡೂ L ಹತ್ತಿರ ಇರಬೇಕಾದ್ದರಿಂದ

|1 − (−1)| ≤ |1 − L| + |L − (−1)| < 1 + 1

ಎಂದರೆ 2 < 2. ಇದು ಆಗದ ಮಾತು. L ಯಾವುದು ಎಂದು ನಾವು ಕೇಳಲೇ ಇಲ್ಲ ಎಂಬುದನ್ನು ಗಮನಿಸಿ. ಎಲ್ಲ L ಗಳೂ ಒಂದೇ ಏಟಿಗೆ ಹೋದವು.

ε = 1 ಎಲ್ಲಿಂದ ಬಂತು? ಎರಡು ಮಿತಿಗಳ ನಡುವಿನ ದೂರ 2, ಅದರ ಅರ್ಧ. ಇನ್ನೂ ಚಿಕ್ಕದು ತೆಗೆದುಕೊಂಡರೂ ನಡೆಯುತ್ತದೆ. ದೊಡ್ಡದು ತೆಗೆದುಕೊಂಡರೆ ನಡೆಯುವುದಿಲ್ಲ: ε = 2 ಆದರೆ 2 < 4 ಎಂದು ಬಂದು ಸುಮ್ಮನೆ ನಿಂತುಬಿಡುತ್ತದೆ. ಉಪಶ್ರೇಢಿಯ ಬೆಲೆಗಳು ಸ್ಥಿರವಾಗಿರದೆ ಮಿತಿಯ ಕಡೆಗೆ ನಿಧಾನಕ್ಕೆ ಹೋಗುತ್ತಿದ್ದರೆ ಅರ್ಧ ಸಾಕಾಗದು, ದೂರದ ಮೂರನೇ ಒಂದು ಭಾಗ ಇಟ್ಟುಕೊಳ್ಳುವುದು ನನ್ನ ರೂಢಿ. ಆಗ ಮಿತಿಯಿಂದ ತಪ್ಪಿದ ಚೂರಿಗೂ ಜಾಗ ಇರುತ್ತದೆ.

ನಮ್ಮ ಹುಡುಗಿ ಮರುವಾರವೇ ಇದನ್ನು sin n ಮೇಲೆ ಪ್ರಯೋಗಿಸಲು ಹೋಗಿ ಸಿಕ್ಕಿಕೊಂಡಳು. n = π/2 ಹಾಕೋಣ ಎಂದರೆ n ಪೂರ್ಣಾಂಕ, ಆಗುವುದಿಲ್ಲ. ಬೆಲೆ ಸರಿಯಾಗಿ 1 ಬರುವ ಪೂರ್ಣಾಂಕವೇ ಇಲ್ಲ. ಇಂಥ ಕಡೆ ಬಿಂದುವನ್ನು ಬಿಟ್ಟು ಒಂದು ತುಂಡನ್ನು ಹಿಡಿಯಬೇಕು. 2kπ + π/4 ಇಂದ 2kπ + 3π/4 ವರೆಗಿನ ತುಂಡಿನಲ್ಲಿ ಸೈನ್ ಬೆಲೆ 0.707ಕ್ಕೆ ಕಡಿಮೆ ಇಲ್ಲ. ತುಂಡಿನ ಉದ್ದ π/2, ಅಂದರೆ ಸುಮಾರು 1.57. ಉದ್ದ 1ಕ್ಕಿಂತ ಹೆಚ್ಚಿರುವ ಯಾವ ತುಂಡಿನಲ್ಲೂ ಒಂದು ಪೂರ್ಣಾಂಕ ಇರಲೇಬೇಕು. k = 0 ಗೆ 2, k = 1 ಗೆ 8, ಹೀಗೆ ಕೊನೆಯಿಲ್ಲದೆ ಸಿಗುತ್ತವೆ. ಅದೇ ರೀತಿ 2kπ + 5π/4 ಇಂದ 2kπ + 7π/4 ವರೆಗೆ ಬೆಲೆ −0.707ಕ್ಕಿಂತ ಮೇಲೇರದು; ಅಲ್ಲಿ 5, 11 ಸಿಗುತ್ತವೆ.

"ಆದ್ರೆ ಸರ್, ಈ ಎರಡಕ್ಕೂ ಮಿತಿ ಇದೆ ಅಂತ ಗೊತ್ತಿಲ್ಲ ಅಲ್ವಾ?" ಒಳ್ಳೆಯ ಪ್ರಶ್ನೆ. ಗೊತ್ತಿರಬೇಕಾಗಿಯೂ ಇಲ್ಲ. sin n ಗೆ ಮಿತಿ L ಇದ್ದಿದ್ದರೆ ಪ್ರತಿ ಉಪಶ್ರೇಢಿಯೂ ಅದೇ L ಗೆ ಹೋಗಬೇಕಿತ್ತು. ಮೊದಲನೆಯದರಿಂದ L ≥ 0.707, ಎರಡನೆಯದರಿಂದ L ≤ −0.707. ಬೇಕಾದದ್ದು ಎರಡು ಮಿತಿಗಳಲ್ಲ, ನಡುವೆ ಮುಚ್ಚದ ಒಂದು ಬಿರುಕು. ಪಠ್ಯದ ಹೇಳಿಕೆಗೆ ಅಕ್ಷರಶಃ ಹೊಂದಿಸಲೇಬೇಕೆಂದರೆ ಬೊಲ್ಜಾನೋ–ವಯರ್‌ಸ್ಟ್ರಾಸ್ ಪ್ರಮೇಯ ಹಚ್ಚಿ ಎರಡರೊಳಗೂ ಮಿತಿ ಇರುವ ಉಪಶ್ರೇಢಿ ಆರಿಸಬಹುದು. ನಾನು ಆ ತೊಂದರೆ ತೆಗೆದುಕೊಳ್ಳುವುದಿಲ್ಲ.

ಎರಡು ಕಡೆ ಉತ್ತರಪತ್ರಿಕೆ ಕೆಡುತ್ತದೆ. ಒಂದು, n = 4 ರಲ್ಲಿ 1, n = 9 ರಲ್ಲಿ −1 ಎಂದಷ್ಟೇ ಬರೆದು ಮುಗಿಸುವುದು. ಎರಡು ಪದ ಉಪಶ್ರೇಢಿ ಅಲ್ಲ. ಮೊದಲ ಸಾವಿರ ಪದ ಏನೇ ಕುಣಿದರೂ ಮಿತಿಗೆ ಅದರ ಲೆಕ್ಕವಿಲ್ಲ. ಇನ್ನೊಂದು, ನಿಯಮವನ್ನು ತಿರುಗಿಸಿ ಓದುವುದು: ಎರಡು ಉಪಶ್ರೇಢಿಗೆ ಒಂದೇ ಮಿತಿ ಸಿಕ್ಕಿತು, ಆದ್ದರಿಂದ ಕನ್ವರ್ಜ್ ಆಯಿತು ಎನ್ನುವುದು. ಅದೇ cos(π√n) ಅನ್ನು ತೆಗೆದುಕೊಂಡು ಸಮವರ್ಗಗಳನ್ನೂ ಅವುಗಳ ಮುಂದಿನ ಸಂಖ್ಯೆಗಳನ್ನೂ ನೋಡಿದರೆ ಎರಡರ ಮಿತಿಯೂ 1. ಆದರೂ ಶ್ರೇಢಿಗೆ ಮಿತಿ ಇಲ್ಲ. ಆಯ್ದ ಉಪಶ್ರೇಢಿಗಳು ಸೇರಿ ಎಲ್ಲ n ಗಳನ್ನೂ ಮುಗಿಸಿದರೆ ಮಾತ್ರ, ಸಮ n ಮತ್ತು ಬೆಸ n ಇದ್ದ ಹಾಗೆ, ಆ ತಿರುಗಿದ ವಾದ ನಿಲ್ಲುತ್ತದೆ.

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅವಳು ಕೇಳಿದಳು, "1, −1 ಎರಡೇನಾ? ಸೊನ್ನೆಗೆ ಹೋಗೋ ಉಪಶ್ರೇಢಿ ಇಲ್ವಾ?" ಇದೆ. n = 4k² + 2k ಹಾಕಿದರೆ √n ಸುಮಾರು 2k + ½. k = 50 ಕ್ಕೆ n = 10100, ಬೆಲೆ 0.004. ಸೊನ್ನೆಯೊಂದೇ ಅಲ್ಲ, −1 ಮತ್ತು 1ರ ನಡುವೆ ಯಾವ ಸಂಖ್ಯೆ ಹೇಳಿದರೂ ಅದಕ್ಕೊಂದು ಉಪಶ್ರೇಢಿ ಇದೆ. ಕಾರಣ ಅವಳು ಮೊದಲ ದಿನ ಬರೆದುತಂದ ಆ π/(2√n): ಪ್ರತಿ ಸಲ 1ರಿಂದ −1ಕ್ಕೆ ಇಳಿಯುವಾಗ ಅಷ್ಟು ಪುಟ್ಟ ಹೆಜ್ಜೆ ಇಡುವ ಶ್ರೇಢಿ ಆ ಸಂಖ್ಯೆಯ ಪಕ್ಕದಲ್ಲೇ ಒಮ್ಮೆ ಕಾಲಿಟ್ಟು ಹೋಗಬೇಕು.