ಹೆಸರು, ಲಿಂಗ ಬದಲಿಸಿ ಎಂದು ಎಚ್‌ಆರ್‌ಗೆ ಪತ್ರ ಬರೆಯುವುದು ಹೇಗೆ?

ಮಂಗಳೂರಿನ ಒಂದು ಆಫೀಸಿನ ಎಚ್‌ಆರ್ ವಿಭಾಗದಲ್ಲಿದ್ದಾಗ ಒಬ್ಬ ಟ್ರಾನ್ಸ್ ಪುರುಷನ ಪತ್ರ ನನ್ನ ಮೇಜಿಗೆ ಬಂತು. ಅವನನ್ನು ಸುಹಾಸ್ ಎನ್ನೋಣ. ನಾಲ್ಕು ಪುಟಗಳಲ್ಲಿ ಬಾಲ್ಯ, ಮನೆಯ ಜಗಳ, ಹಾರ್ಮೋನ್ ಚಿಕಿತ್ಸೆ ಎಲ್ಲವೂ ಇತ್ತು. ಬೇಡಿಕೆ ಕೊನೆಯಲ್ಲಿ ಒಂದೇ ಸಾಲು: "ನನ್ನ ಎಲ್ಲ ದಾಖಲೆ ಬದಲಿಸಿ." ನಾವೂ ಸುಮ್ನೆ ಎಲ್ಲ ಕಡೆ ಬದಲಿಸಿಬಿಟ್ಟೆವು. ಅವನ ಆಧಾರ್, ಪ್ಯಾನ್ ಇನ್ನೂ ಹಳೆಯ ಹೆಸರಿನಲ್ಲೇ ಇದ್ದವು. ಪಿಎಫ್ ಹೆಸರು ತಾಳೆಯಾಗದೆ ಎರಡು ತಿಂಗಳು ಒದ್ದಾಡಿದೆವು ಮಾರಾಯ್ರೆ. ತಪ್ಪು ನಮ್ಮದೂ ಹೌದು. ಆದರೆ ಪತ್ರ ಸರಿಯಿದ್ದಿದ್ದರೆ ಅಷ್ಟಾಗುತ್ತಿರಲಿಲ್ಲ.

ಮೊದಲ ಕೆಲಸ ಕಾಗದ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಬೇಕು. ಉಡುಪಿಯವರಿಗೆ ಜಿಲ್ಲಾಧಿಕಾರಿ ಕಚೇರಿ ಎಂದರೆ ಮಣಿಪಾಲದ ರಜತಾದ್ರಿ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಅದು ಸಿಕ್ಕಿದ ಮೇಲೆ ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಈ ಕ್ರಮ ತಪ್ಪಿಸಬೇಡಿ. ಆಧಾರ್‌ನಲ್ಲಿ ಲಿಂಗ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಆದ್ದರಿಂದ ಹೆಸರಿನ ಒಂದೊಂದು ಅಕ್ಷರವನ್ನೂ, ಇನಿಷಿಯಲ್ ಎಲ್ಲಿ ಬರಬೇಕು ಎಂಬುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಈಗ ಪತ್ರ. ಹೆಚ್ಚಿನವರು ಎಡವುವುದು ಇಲ್ಲೇ. ಬೇಡಿಕೆಯನ್ನು ಎರಡು ಭಾಗ ಮಾಡಿ.

ಮೊದಲ ಭಾಗ, ಯಾವ ಸರಕಾರಿ ಕಾಗದವೂ ಇಲ್ಲದೆ ನಾಳೆಯೇ ಆಗಬಹುದಾದದ್ದು: ಐಡಿ ಕಾರ್ಡ್, ಇಮೇಲ್‌ನಲ್ಲಿ ಕಾಣುವ ಹೆಸರು, ಹಾಜರಿ ಪಟ್ಟಿ, ಮೇಜಿನ ನಾಮಫಲಕ, ಟಾಯ್ಲೆಟ್. ಇವು ಕಂಪನಿಯ ಕೈಯಲ್ಲೇ ಇವೆ. ಇದಕ್ಕೆ ಪ್ರಮಾಣಪತ್ರ ಬರುವವರೆಗೆ ಕಾಯುವುದು ದಂಡ.

ಎರಡನೇ ಭಾಗ, ಹೊರಗಿನ ದಾಖಲೆಗೆ ತಾಳೆಯಾಗಲೇಬೇಕಾದದ್ದು: ಸಂಬಳ, ಫಾರ್ಮ್ 16, ಪಿಎಫ್, ಗುಂಪು ವಿಮೆ. ಇಲ್ಲಿ "ಆಧಾರ್ ಮತ್ತು ಪ್ಯಾನ್ ಬದಲಾದ ಪ್ರತಿ ಕೊಟ್ಟ ಮೇಲೆ, ಮುಂದಿನ ತಿಂಗಳ ಸಂಬಳದಿಂದ ಬದಲಿಸಿ" ಎಂದು ಬರೆಯಿರಿ. ಪಿಎಫ್‌ನಲ್ಲಿ ಒಂದು ಅನುಕೂಲವಿದೆ. ಯುಎಎನ್ 2017ರ ಅಕ್ಟೋಬರ್ 1ರ ನಂತರದ್ದಾಗಿ, ಆಧಾರ್‌ನೊಂದಿಗೆ ಪರಿಶೀಲನೆಯಾಗಿದ್ದರೆ, 2025ರ ಜನವರಿಯಿಂದ ಹೆಸರು, ಲಿಂಗವನ್ನು ನೀವೇ ತಿದ್ದಬಹುದು. ಹಳೆಯದಾದರೆ ಕಂಪನಿಯ ಒಪ್ಪಿಗೆ ಬೇಕು. ಹಾಗಿದ್ದರೆ ಅದನ್ನೂ ಪತ್ರದಲ್ಲೇ ಕೇಳಿ.

ಲಿಂಗದ ಕಾಲಂನಲ್ಲಿ ಒಂದು ಸೂಕ್ಷ್ಮ ಇದೆ. ಜಿಲ್ಲಾಧಿಕಾರಿಯ ಮೊದಲ ಪ್ರಮಾಣಪತ್ರದಲ್ಲಿ 'ಟ್ರಾನ್ಸ್‌ಜೆಂಡರ್' ಎಂದಿರುತ್ತದೆ. 2019ರ ಕಾಯ್ದೆಯ ಪ್ರಕಾರ 'ಪುರುಷ' ಎಂಬ ತಿದ್ದಿದ ಪ್ರಮಾಣಪತ್ರ ಸಿಗುವುದು ಶಸ್ತ್ರಚಿಕಿತ್ಸೆಯ ನಂತರ. ಹಾಗಾಗಿ ಪಿಎಫ್‌ನಲ್ಲಿ ಆಧಾರ್‌ನಲ್ಲಿ ಇದ್ದಂತೆ, ಆಫೀಸಿನ ಒಳಗಿನ ದಾಖಲೆಯಲ್ಲಿ 'ಪುರುಷ' ಎಂದು ಬೇರೆ ಬೇರೆಯಾಗಿಯೇ ಕೇಳಿ. ಸುಹಾಸ್‌ನ ಎರಡನೇ ಪತ್ರ ಹೀಗಿತ್ತು:

"ನಾನು ಟ್ರಾನ್ಸ್ ಪುರುಷ. ಇನ್ನು ಮುಂದೆ ನನ್ನ ಹೆಸರು ಸುಹಾಸ್. ಕೆಳಗಿನ ಮೊದಲ ಪಟ್ಟಿಯಲ್ಲಿರುವುದನ್ನು ಈ ತಿಂಗಳ 15ರ ಒಳಗೆ ಬದಲಿಸಲು ಕೋರುತ್ತೇನೆ. ಎರಡನೇ ಪಟ್ಟಿಯದ್ದನ್ನು ನಾನು ಪ್ರತಿಗಳನ್ನು ಕೊಟ್ಟ ಮೇಲೆ ಬದಲಿಸಿ. ಹಳೆಯ ಹೆಸರಿರುವ ಕಡತವನ್ನು ಯಾರು ನೋಡಬಹುದು ಎಂದು ಲಿಖಿತವಾಗಿ ತಿಳಿಸಿ. ಸಹೋದ್ಯೋಗಿಗಳಿಗೆ ನಾನೇ ಹೇಳುತ್ತೇನೆ. ಅದಕ್ಕೆ ಮೊದಲು ಯಾರಿಗೂ ತಿಳಿಸಬೇಡಿ."

ಒಂದು ಪುಟವೂ ಆಗಲಿಲ್ಲ. ಚಿಕಿತ್ಸೆಯ ಒಂದು ಪದವೂ ಇರಲಿಲ್ಲ, ಇರಲೂ ಬಾರದು. ಆಸ್ಪತ್ರೆಯ ಚೀಟಿಯನ್ನು ಎಂದಿಗೂ ಲಗತ್ತಿಸಬೇಡಿ. ಒಮ್ಮೆ ಕಡತ ಸೇರಿದರೆ ಅದು ಅಲ್ಲಿಂದ ಹೊರಗೆ ಬರುವುದಿಲ್ಲ.

ಸುಹಾಸ್‌ನ ಪತ್ರದ ಕೊನೆಯ ಎರಡು ಸಾಲನ್ನು ಬಿಡಲೇಬೇಡಿ. ನಮ್ಮ ಊರು ಸಣ್ಣದು. ಎಚ್‌ಆರ್‌ನವರ ಚಿಕ್ಕಮ್ಮನಿಗೆ ನಿಮ್ಮ ಅಮ್ಮ ಗೊತ್ತಿರುತ್ತಾರೆ, ಅಲ್ವಾ? 2020ರ ನಿಯಮಗಳ ಪ್ರಕಾರ ನೌಕರರ ಲಿಂಗ ಗುರುತನ್ನು ಗುಟ್ಟಾಗಿಡುವುದು ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲೇ ಇರಬೇಕು. ಕಾಯ್ದೆ ಮುರಿದ ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂದು ಕಾಯ್ದೆಯ 11ನೇ ಕಲಂ ಹೇಳುತ್ತದೆ. ಆ ಅಧಿಕಾರಿ ಯಾರು ಎಂದು ಪತ್ರದಲ್ಲೇ ವಿನಯದಿಂದ ಕೇಳಿ. ಬೆದರಿಕೆಯ ಧಾಟಿ ಬೇಡ, ಕಾನೂನು ಗೊತ್ತಿದೆ ಎಂದು ಅವರಿಗೆ ಅಷ್ಟರಲ್ಲೇ ತಿಳಿಯುತ್ತದೆ.

ವಿಮೆಯ ವಿಷಯಕ್ಕೆ ಬೇರೆಯೇ ಪ್ರಶ್ನೆ ಬರೆಯಿರಿ: ಲಿಂಗ ಬದಲಾದ ಮೇಲೆ ಸ್ತ್ರೀರೋಗ ವಿಭಾಗದ ಖರ್ಚು ಸಿಗುತ್ತದೆಯೇ? ಉತ್ತರ ಬರಹದಲ್ಲೇ ಇರಲಿ. ಬದಲಿಸುವುದು ಆ ಉತ್ತರ ಬಂದ ಮೇಲೆ.

ಇಂಟರ್ನೆಟ್‌ನಲ್ಲಿ ಸಿಗುವ ಅಮೆರಿಕದ ಮಾದರಿ ಪತ್ರ ಬೇಡ. ಅದರಲ್ಲಿ ಪಿಎಫ್ ಇಲ್ಲ, ಪ್ಯಾನ್ ಇಲ್ಲ.

ಕಳುಹಿಸುವುದು ಇಮೇಲ್‌ನಲ್ಲಿ, ಒಬ್ಬರ ಹೆಸರಿಗೆ. ಇಡೀ ವಿಭಾಗ ಓದುವ ಎಚ್‌ಆರ್ ವಿಳಾಸಕ್ಕೆ ಬೇಡ. ಒಂದು ಪ್ರತಿ ನಿಮ್ಮ ಸ್ವಂತ ಇಮೇಲ್‌ಗೂ ಹೋಗಲಿ. ಎರಡೂ ಪಟ್ಟಿಯದ್ದು ಬದಲಾಗಿ ಹದಿನೈದು ದಿನ ಕಳೆದ ಮೇಲೆ ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಐಡಿ ಕಾರ್ಡ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸುಹಾಸ್‌ನ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಹಿಂದುಮುಂದಾಗಿತ್ತು. ಅದಕ್ಕೆ ಇನ್ನೊಂದು ಅರ್ಜಿ ಹಾಕಬೇಕಾಯಿತು.