ಕುಳಿತಲ್ಲೇ ಎಚ್ಚರ ತಪ್ಪಿದಾಗ ನಾನು ನೋಡುವುದು

ಗದಗ ಹತ್ತಿರದ ನಮ್ಮ ಕ್ಲಿನಿಕ್ಕಿಗೆ ಬೇಸಿಗೆಯಲ್ಲಿ ಎಚ್ಚರ ತಪ್ಪಿ ಬಿದ್ದವರು ಜಾಸ್ತಿ ಬರುತ್ತಾರೆ. ಹೆಚ್ಚಿನವರದು ಅಪಾಯದ್ದಲ್ಲ. ಬಿಸಿಲಲ್ಲೋ ಜಾತ್ರೆಯ ಗದ್ದಲದಲ್ಲೋ ತುಂಬ ಹೊತ್ತು ನಿಂತಿರುತ್ತಾರೆ. ಮೊದಲು ಹೊಟ್ಟೆ ತೊಳಸುತ್ತದೆ, ಬೆವರು ಬರುತ್ತದೆ, ಕಣ್ಣು ಕತ್ತಲಾಗುತ್ತದೆ, ಆಮೇಲೆ ಬೀಳುತ್ತಾರೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ಬೇಗ ಎಚ್ಚರವಾಗುತ್ತದೆ.

ಆದರೆ ಆ ದಿನ ಬಂದ 68 ವರ್ಷದ ಹಿರಿಯರ ಕಥೆ ಹಾಗಿರಲಿಲ್ಲ. ಬಿದ್ದವರಿಗೆ ಏನೂ ನೆನಪಿರುವುದಿಲ್ಲ, ಅದಕ್ಕೇ ನಾನು ನೋಡಿದವರನ್ನೇ ಕೇಳುತ್ತೇನೆ. ಮಗ ಹೇಳಿದ: "ಕಟ್ಟಿ ಮ್ಯಾಲ ಕುಂತು ಮಾತಾಡ್ಲಿಕತ್ತಿದ್ರು ಸರ್, ಹಂಗ ವಾಲಿಬಿಟ್ರು. ಮುಖ ಬೆಳ್ಳಗಾತು. ಕೈ ಎರಡ್ಮೂರು ಸಲ ಅದುರಿದ್ವು. ಫಿಟ್ಸ್ ಅಂದ್ರು ಎಲ್ಲಾರೂ."

"ಎದ್ದ ಮ್ಯಾಲ ನಿನ್ನ ಗುರುತು ಹಿಡಿದ್ರೇನು?"

"ಆಗಿಂದಾಗ ಹಿಡಿದ್ರು. ಮುಖ ಕೆಂಪಗಾಗಿತ್ತು."

ಫಿಟ್ಸ್ ಆದವರು ಎದ್ದ ಮೇಲೂ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಗೊಂದಲದಲ್ಲಿರುತ್ತಾರೆ, ನಾಲಿಗೆಯ ಅಂಚು ಕಚ್ಚಿಕೊಂಡಿರಬಹುದು. ಕೆಲವು ಸೆಕೆಂಡಿನ ಅದುರು ಮಾತ್ರ ಮಿದುಳಿಗೆ ರಕ್ತ ನಿಂತರೂ ಬರುತ್ತದೆ. ಕುಳಿತಲ್ಲೇ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದು, ತಟ್ಟನೆ ಪೂರ್ತಿ ಎಚ್ಚರವಾಗಿದ್ದಾರೆ ಅಂದರೆ ನನಗೆ ಹೃದಯದ ಮೇಲೇ ಅನುಮಾನ.

ಮಲಗಿಸಿ ಬಿ.ಪಿ. ನೋಡಿದೆ, 138. ನಿಲ್ಲಿಸಿ ಮೂರು ನಿಮಿಷ ಬಿಟ್ಟು ನೋಡಿದಾಗ 132. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದಿದ್ದರೆ ಎದ್ದು ನಿಂತಾಗಿನ ತಲೆಸುತ್ತು ಅನ್ನಬಹುದಿತ್ತು. ಶುಗರ್ ಸರಿಯಿತ್ತು. ನಾಡಿ 72, ಅದೂ ಸರಿ.

ಸುಳಿವು ಸಿಕ್ಕಿದ್ದು ಇಸಿಜಿಯಲ್ಲಿ. ಹೃದಯದ ಮೇಲಿನ ಕೋಣೆಯಿಂದ ಕೆಳಗೆ ಮಿಡಿತದ ಸಂಕೇತ ಒಯ್ಯುವ ದಾರಿ ಮೂರು ಕವಲಾಗುತ್ತದೆ: ಬಲಕ್ಕೊಂದು, ಎಡಕ್ಕೆರಡು. ಇವರಲ್ಲಿ ಬಲಗವಲು ಮತ್ತು ಎಡದ ಮುಂದಿನ ಕವಲು ಬಂದಾಗಿದ್ದವು. ಉಳಿದ ಒಂದೇ ಕವಲಿನ ಮೇಲೆ ಹೃದಯ ಓಡುತ್ತಿತ್ತು. ಅದೂ ಆಗಾಗ ಕೈಕೊಟ್ಟರೆ ಆ ಸೆಕೆಂಡುಗಳಲ್ಲಿ ಕೆಳಗಿನ ಕೋಣೆಗೆ ಮಿಡಿತವೇ ಇಲ್ಲ, ಆಮೇಲೆ ಎಲ್ಲ ಮೊದಲಿನಂತೆ. ಅದಕ್ಕೇ ನಾಡಿ ಹಿಡಿದಾಗ ಏನೂ ಗೊತ್ತಾಗುವುದಿಲ್ಲ.

ಮಗ ತಲೆಯ ಸ್ಕ್ಯಾನ್ ಮಾಡಿಸೋಣ ಅಂದ. ತಲೆಗೆ ಪೆಟ್ಟಿಲ್ಲ, ಮಾತು ತೊದಲಿಲ್ಲ, ಕೈಕಾಲಿನ ಶಕ್ತಿ ಸರಿಯಿದೆ, ಬೇಡ ಅಂದೆ. ಬಸ್ಸಿನಲ್ಲೂ ಬೇಡ ಎಂದು, ಮಾನಿಟರ್ ಇದ್ದ ಆಂಬ್ಯುಲೆನ್ಸಿನಲ್ಲಿ ಅವತ್ತೇ ಹುಬ್ಬಳ್ಳಿಗೆ ಕಳಿಸಿದೆ, ಇಸಿಜಿ ಕಾಗದ ಜೊತೆಗಿಟ್ಟು. ಅಲ್ಲಿ ರಾತ್ರಿ ಮಾನಿಟರಿನಲ್ಲಿ ಆರು ಸೆಕೆಂಡು ಮಿಡಿತ ನಿಂತದ್ದು ಸಿಕ್ಕಿತು. ಪೇಸ್‌ಮೇಕರ್ ಹಾಕಿದರು.

ಇಸಿಜಿ ಸರಿಯಿದೆ ಅಂತ ಎಲ್ಲರನ್ನೂ ಮನೆಗೆ ಕಳಿಸಲು ಆಗುವುದಿಲ್ಲ. ಓಡುವಾಗ ಬಿದ್ದ ಹುಡುಗ, ಮಲಗಿದ್ದಾಗಲೇ ಎಚ್ಚರ ತಪ್ಪಿದವರು, ಮನೆತನದಲ್ಲಿ ಸಣ್ಣ ವಯಸ್ಸಿಗೇ ಯಾರಾದರೂ ಹಠಾತ್ ತೀರಿಕೊಂಡಿದ್ದರೆ ಅಂಥವರು, ಇವರನ್ನೆಲ್ಲ ಹೃದಯದ ಡಾಕ್ಟರ ಹತ್ತಿರ ಕಳಿಸುತ್ತೇನೆ. ತಿಂಗಳಿಗೊಮ್ಮೆ ಬೀಳುವವರಿಗೆ 24 ಗಂಟೆ ಮಿಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿದರೂ ಆ ಗಳಿಗೆ ಸಿಗದಿರಬಹುದು. ಹಾಗಾಗಿ ಮನೆಯವರಿಗೆ ಕುತ್ತಿಗೆಯ ನಾಡಿ ಹಿಡಿಯುವುದನ್ನು ನಾನೇ ಕಲಿಸುತ್ತೇನೆ. ಮತ್ತೆ ಬಿದ್ದರೆ ಒಬ್ಬರು ನಾಡಿ ಹಿಡಿಯಲಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಎಚ್ಚರ ಬಾರದೆ ಉಸಿರೂ ಸರಿಯಾಗಿ ಆಡದಿದ್ದರೆ ಅದೆಲ್ಲ ಬಿಟ್ಟು ಎದೆ ಒತ್ತಲು ಶುರು ಮಾಡಿ, 108ಕ್ಕೆ ಫೋನ್ ಮಾಡಿ ಅನ್ನುತ್ತೇನೆ.