ಕತ್ತಲಲ್ಲಿ ಬಣ್ಣ ಉಳಿಯುವುದಿಲ್ಲ: ಅಗ್ನಿ ಸುರಕ್ಷತಾ ಫಲಕಗಳನ್ನು ಓದುವುದು ಹೇಗೆ?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಿದ್ಯುತ್ ಹೋಯಿತು. ಜನರೇಟರ್ ಕೂಡ ಕೈಕೊಟ್ಟಿತು. ಆರನೇ ಮಹಡಿಯಿಂದ ಮೆಟ್ಟಿಲಿಳಿಯಲು ಹೊರಟೆ. ಕತ್ತಲಲ್ಲಿ ತಾನಾಗಿ ಹೊಳೆಯುತ್ತದೆ ಎಂದು ಹೇಳಿ ಹಾಕಿಸಿದ್ದ ಹಸಿರು ಫಲಕ ಎಲ್ಲಿದೆ ಎಂದು ತಡಕಿದರೂ ಕಾಣಲಿಲ್ಲ. ಮೊಬೈಲ್ ಟಾರ್ಚ್ ಬಿಟ್ಟಾಗ ತಿಳಿಯಿತು, ಅದು ನನ್ನ ಮೂಗಿನ ಮುಂದೆಯೇ ಇತ್ತು. ಆ ಫಲಕ ನಕಲಿ ಆಗಿರಲಿಲ್ಲ. ಅದು ಏಕೆ ಹೊಳೆಯಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಹಗಲಿನಲ್ಲಿ ಇವನ್ನು ಓದುವುದನ್ನು ಕಲಿಯೋಣ.

ಮೊದಲು ಆಕಾರ, ಆಮೇಲೆ ಬಣ್ಣ

ಈಗ ಹೆಚ್ಚಿನ ದೇಶಗಳಲ್ಲಿ ಕಾಣುವ ಫಲಕಗಳು ಐಎಸ್‌ಒ 7010 ಎಂಬ ಅಂತರರಾಷ್ಟ್ರೀಯ ಮಾನದಂಡದ ಚಿತ್ರಗಳನ್ನು ಅನುಸರಿಸುತ್ತವೆ. ಭಾರತದಲ್ಲಿ ಸುರಕ್ಷತಾ ಬಣ್ಣಗಳಿಗೆ ಐಎಸ್ 9457, ಅಗ್ನಿ ಫಲಕಗಳಿಗೆ ಐಎಸ್ 12349 ಎಂಬ ಮಾನದಂಡಗಳಿವೆ. ವ್ಯಾಕರಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ.

ಫಲಕ ದುಂಡಗಿದ್ದರೆ ಅದು ಆಜ್ಞೆ. ಕೆಂಪು ಬಳೆಯೊಳಗೆ ಅಡ್ಡಗೆರೆ ಇದ್ದರೆ ‘ಮಾಡಬೇಡಿ’ ಎಂದರ್ಥ. ತುಂಬು ನೀಲಿ ವೃತ್ತವಾದರೆ ‘ಮಾಡಲೇಬೇಕು’ ಎಂದರ್ಥ. ಮೂರು ಮೂಲೆಯ ಹಳದಿ ಫಲಕ ಅಪಾಯವಿದೆ ಎಂದು ಎಚ್ಚರಿಸುತ್ತದೆ. ಚೌಕ ಅಥವಾ ಆಯತ ಮಾತ್ರ ಏನನ್ನೂ ಆಜ್ಞಾಪಿಸುವುದಿಲ್ಲ, ‘ಇಲ್ಲಿ ಇಂಥದ್ದಿದೆ’ ಎಂದು ತೋರಿಸುತ್ತದೆ. ಹಸಿರು ಚೌಕ ಪಾರಾಗುವ ದಾರಿಯನ್ನು ತೋರಿಸಿದರೆ, ಕೆಂಪು ಚೌಕ ಬೆಂಕಿ ಆರಿಸುವ ಸಾಮಗ್ರಿಯನ್ನು ತೋರಿಸುತ್ತದೆ.

ಹೆಚ್ಚಿನವರು ಎಡವುವುದು ಕೆಂಪಿನಲ್ಲಿ. ಕೆಂಪು ಎಂದರೆ ‘ನಿಲ್ಲು’ ಎಂದು ಸಿಗ್ನಲ್ ದೀಪ ನಮಗೆ ಕಲಿಸಿಬಿಟ್ಟಿದೆ. ಹಾಗಾಗಿ ಕೆಂಪು ಚೌಕವನ್ನು ಕಂಡು ದೂರ ಸರಿಯುವವರಿದ್ದಾರೆ. ಅದು ತದ್ವಿರುದ್ಧ: ಕೈಗೆತ್ತಿಕೊಳ್ಳಬೇಕಾದ ವಸ್ತು ಇರುವುದು ಅದರ ಕೆಳಗೇ. ಕೆಂಪು ಅಕ್ಷರದಲ್ಲಿ ‘ಎಕ್ಸಿಟ್’ ಎಂದು ಬರೆದ ಹಳೆಯ ಫಲಕಗಳು ಅಲ್ಲಲ್ಲಿ ಈಗಲೂ ಉಳಿದು ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿವೆ.

ಚಿತ್ರವನ್ನು ಓದುವುದು

ಕೆಂಪು ಚೌಕದ ಚಿತ್ರಗಳಲ್ಲಿ ಒಂದು ಮೂಲೆಗೆ ಜ್ವಾಲೆ ಇರುತ್ತದೆ. ಜ್ವಾಲೆಯ ಪಕ್ಕ ಸಿಲಿಂಡರ್ ಇದ್ದರೆ ಬೆಂಕಿ ಆರಿಸುವ ಸಿಲಿಂಡರ್, ಸುರುಳಿ ಇದ್ದರೆ ನೀರಿನ ಹೋಸ್ ರೀಲ್, ಗುಂಡಿಯನ್ನು ಒತ್ತುವ ಕೈ ಇದ್ದರೆ ಎಚ್ಚರಿಕೆ ಗಂಟೆಯ ಗುಂಡಿ. ದೂರವಾಣಿಯ ಚಿತ್ರ ಮಾತ್ರ ಎರಡು ಕಡೆ ಬರುತ್ತದೆ. ಕೆಂಪು ಚೌಕದಲ್ಲಿ ಜ್ವಾಲೆಯೊಂದಿಗೆ ಇದ್ದರೆ ಅದು ಬೆಂಕಿಯ ಸುದ್ದಿ ಮುಟ್ಟಿಸಲು. ಹಸಿರು ಚೌಕದಲ್ಲಿ ಜ್ವಾಲೆಯಿಲ್ಲದೆ ಇದ್ದರೆ ಯಾವುದೇ ತುರ್ತಿಗೆ.

ಅಡ್ಡಗೆರೆಯ ವೃತ್ತಗಳಲ್ಲಿ ಎರಡನ್ನು ಗಮನಿಸಿ. ಲಿಫ್ಟಿನೊಳಗಿನ ಮನುಷ್ಯ ಮತ್ತು ಜ್ವಾಲೆ ಇದ್ದರೆ, ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು. ಜ್ವಾಲೆಗೆ ಬಕೆಟ್ಟಿನಿಂದ ನೀರು ಸುರಿಯುತ್ತಿರುವ ಚಿತ್ರವಿದ್ದರೆ, ಅಲ್ಲಿನ ಬೆಂಕಿಗೆ ನೀರು ಹಾಕಬಾರದು. ವಿದ್ಯುತ್ ಪ್ಯಾನೆಲ್‌ಗಳ ಬಳಿ ಅದನ್ನು ಕಾಣಬಹುದು. ಎಣ್ಣೆ ಕಾಯುವ ಅಡುಗೆಮನೆಗಳಲ್ಲೂ ಅದು ಇರಬೇಕು.

ಹಳದಿ ತ್ರಿಕೋನದಲ್ಲಿ ಬರೀ ಜ್ವಾಲೆ ಇದ್ದರೆ ಅಲ್ಲಿರುವ ವಸ್ತು ಹೊತ್ತಿಕೊಳ್ಳುತ್ತದೆ. ಜ್ವಾಲೆಯ ಬುಡದಲ್ಲಿ ಒಂದು ಬಳೆ ಇದ್ದರೆ ಅರ್ಥವೇ ಬೇರೆ: ಆ ವಸ್ತು ಆಮ್ಲಜನಕವನ್ನು ಒದಗಿಸಿ ಬೇರೆಯದರ ಬೆಂಕಿಯನ್ನು ಹೆಚ್ಚಿಸುತ್ತದೆ. ಆ ಬಳೆಯನ್ನು ಆಕ್ಸಿಜನ್‌ನ ‘ಒ’ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಹಸಿರಿನಲ್ಲಿ ನಾಲ್ಕು ಮೂಲೆಗಳಿಂದ ಬಾಣಗಳು ಜನರ ಗುಂಪಿನತ್ತ ಬರುವ ಚಿತ್ರವೆಂದರೆ ಹೊರಗೆ ಬಂದ ಮೇಲೆ ಎಲ್ಲರೂ ಸೇರುವ ಜಾಗ.

ಹಸಿರು ಫಲಕದಲ್ಲಿ ಬಾಗಿಲಿನತ್ತ ಓಡುವ ಮನುಷ್ಯ ಜಪಾನಿನವನು. 1972ರಲ್ಲಿ ಒಸಾಕಾದ ಸೆನ್ನಿಚಿ ಮಳಿಗೆಯ ಬೆಂಕಿಯಲ್ಲಿ 118 ಜನ ಸತ್ತರು. ಅಂದಿನ ಫಲಕಗಳಲ್ಲಿ ಬರೀ ಅಕ್ಷರಗಳಿದ್ದವು. ಅಂಥ ದುರಂತಗಳ ನಂತರ ಆ ದಶಕದ ಕೊನೆಗೆ ಸ್ಪರ್ಧೆ ನಡೆಸಿ ಚಿತ್ರ ಆರಿಸಲಾಯಿತು, ವಿನ್ಯಾಸಕಾರ ಯುಕಿಯೊ ಓಟಾ ಮತ್ತು ಸಂಗಡಿಗರು ಅದನ್ನು ತಿದ್ದಿ ಈಗಿನ ರೂಪಕ್ಕೆ ತಂದರು.

ಬಾಣ ಹೇಳುವುದೇನು?

ಎಡಬಲದ ಬಾಣದಲ್ಲಿ ಗೊಂದಲವಿಲ್ಲ. ಮನುಷ್ಯ ಓಡುವ ದಿಕ್ಕೂ ಬಾಣದ ದಿಕ್ಕೂ ಒಂದೇ ಆಗಿರಬೇಕು. ಮನುಷ್ಯ ಬಲಕ್ಕೆ, ಬಾಣ ಎಡಕ್ಕೆ ಇರುವ ಫಲಕ ಕಂಡರೆ ಅಂಟಿಸಿದವರು ತಪ್ಪು ಜೋಡಿಯನ್ನು ತಂದಿದ್ದಾರೆ. ಓರೆ ಬಾಣ ಸಾಮಾನ್ಯವಾಗಿ ಮೆಟ್ಟಿಲನ್ನು ಸೂಚಿಸುತ್ತದೆ: ಬಲಕ್ಕೆ ಕೆಳಗೆ ಎಂದರೆ ಬಲಗಡೆಗೆ ಇಳಿಯಿರಿ.

ತೊಡಕಿರುವುದು ನೆಟ್ಟನೆಯ ಬಾಣದಲ್ಲಿ. ಬಾಗಿಲಿನ ನೆತ್ತಿಯ ಮೇಲಿನ ಫಲಕದಲ್ಲಿ ಮೇಲ್ಮುಖ ಬಾಣವಿದ್ದರೆ ಬ್ರಿಟಿಷ್ ಪದ್ಧತಿಯಲ್ಲಿ ‘ನೇರವಾಗಿ ಮುಂದಕ್ಕೆ, ಈ ಬಾಗಿಲಿನೊಳಗಿಂದ’ ಎಂದರ್ಥ. ಯುರೋಪಿನ ಹಲವೆಡೆ ಅದೇ ಮಾತಿಗೆ ಕೆಳಮುಖ ಬಾಣವನ್ನು ಬಳಸುತ್ತಾರೆ, ‘ಇಗೋ, ಇದೇ ಬಾಗಿಲು’ ಎನ್ನುವಂತೆ. ಆದರೆ ಬ್ರಿಟಿಷರಿಗೆ ಕೆಳಮುಖ ಬಾಣವೆಂದರೆ ‘ಇಲ್ಲಿಂದ ಕೆಳಗಿಳಿಯಿರಿ’. ನಮ್ಮ ಕಟ್ಟಡಗಳಲ್ಲಿ ಎರಡೂ ಕಾಣಸಿಗುತ್ತವೆ, ಕೆಲವೊಮ್ಮೆ ಒಂದೇ ಮಹಡಿಯಲ್ಲಿ. ನಾನು ಮಾಡುವುದು ಇಷ್ಟೆ: ಫಲಕದ ಕೆಳಗೆ ನಿಂತು ಎದುರಿಗೆ ಏನಿದೆ ನೋಡುತ್ತೇನೆ. ಬಾಗಿಲಿದ್ದರೆ ಬಾಣ ಯಾವ ಕಡೆಗಿದ್ದರೂ ಅದು ಬಾಗಿಲಿನದು. ಕಾರಿಡಾರಿನ ನಡುವೆ ಕೆಳಮುಖ ಬಾಣ ತೂಗುತ್ತಿದ್ದು, ಅಲ್ಲಿ ಬಾಗಿಲೂ ಮೆಟ್ಟಿಲೂ ಇಲ್ಲದಿದ್ದರೆ ಆ ಫಲಕ ತಪ್ಪು. ಅದನ್ನು ಬದಲಿಸಲು ಹೇಳಬೇಕು.

ಎಷ್ಟು ದೂರದಿಂದ ಕಾಣಬೇಕು?

ಯುರೋಪಿನ ತುರ್ತು ದೀಪಗಳ ಮಾನದಂಡದಲ್ಲಿ ಒಂದು ಸರಳ ಲೆಕ್ಕವಿದೆ. ಹೊರಗಿನ ಬೆಳಕು ಬಿದ್ದು ಕಾಣುವ ಫಲಕ ತನ್ನ ಎತ್ತರದ ನೂರು ಪಟ್ಟು ದೂರದವರೆಗೆ, ಒಳಗೇ ದೀಪವಿರುವ ಫಲಕ ಇನ್ನೂರು ಪಟ್ಟು ದೂರದವರೆಗೆ ಗುರುತಿಗೆ ಸಿಗುತ್ತದೆ ಎಂದು ಹಿಡಿಯಲಾಗುತ್ತದೆ. 24 ಮೀಟರ್ ಉದ್ದದ ಕಾರಿಡಾರೊಂದಿದೆ ಎನ್ನೋಣ. ಅದರ ಒಂದೇ ತುದಿಯಲ್ಲಿ 15 ಸೆಂಟಿಮೀಟರ್ ಎತ್ತರದ, ದೀಪವಿಲ್ಲದ ಫಲಕವಿದೆ. ಅದು 15 ಮೀಟರಿನವರೆಗೆ ಓದಲು ಸಿಗುತ್ತದೆ. ಇನ್ನೊಂದು ತುದಿಯ 9 ಮೀಟರಿನಲ್ಲಿ ಬಾಗಿಲು ತೆರೆದು ಬಂದವರಿಗೆ ಅದು ಬರೀ ಹಸಿರು ಚುಕ್ಕೆ. ಆದ್ದರಿಂದ ನಡುವೆ ಇನ್ನೊಂದು ಫಲಕ ಬೇಕು, ಅಥವಾ ಅದನ್ನೇ ಒಳದೀಪದ್ದಾಗಿ ಮಾಡಬೇಕು. ಒಳದೀಪದ್ದಾದರೆ ಲೆಕ್ಕ 30 ಮೀಟರಿಗೆ ಬರುತ್ತದೆ. ಇದು ಗಾಳಿ ತಿಳಿಯಾಗಿರುವಾಗಿನ ಲೆಕ್ಕ.

ಹೊಗೆ ಬಂದರೆ ಈ ಲೆಕ್ಕ ನಡೆಯುವುದಿಲ್ಲ. ಬಿಸಿ ಹೊಗೆ ಛಾವಣಿಗೆ ಏರಿ ಅಲ್ಲಿಂದ ಕೆಳಕ್ಕೆ ತುಂಬುತ್ತ ಬರುವುದರಿಂದ ಮೊದಲು ಮರೆಯಾಗುವುದೇ ಬಾಗಿಲಿನ ಮೇಲಿನ ಫಲಕ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನರ ಸಾವಿಗೆ ಕಾರಣವಾದ ಅವಘಡದಲ್ಲೂ ಜನ ಕಿಟಕಿಗಳತ್ತ ಧಾವಿಸಿದ್ದು ಹೊಗೆಯಿಂದಾಗಿ. ಆದ್ದರಿಂದಲೇ ನೆಲದ ಬಳಿಯ ಹೊಳೆಯುವ ಪಟ್ಟಿಗಳಿಗೆ ಅಷ್ಟು ಬೆಲೆ. ಬಗ್ಗಿ ಅಥವಾ ತೆವಳಿ ಹೋಗುವವರ ಕಣ್ಣ ಮಟ್ಟಕ್ಕೆ ಅವೇ ಸಿಗುತ್ತವೆ.

ಹೊಳೆಯುವ ಫಲಕವನ್ನು ಪರೀಕ್ಷಿಸುವುದು

ನಮ್ಮಲ್ಲಿ ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ‘ರೇಡಿಯಂ’ ಎನ್ನುವ ರೂಢಿಯಿದೆ. ವಾಹನಗಳ ಹಿಂದೆ ಅಂಟಿಸುವ ರೇಡಿಯಂ ಸ್ಟಿಕ್ಕರಿನಲ್ಲಿ ರೇಡಿಯಂ ಇರುವುದಿಲ್ಲ, ಅದಕ್ಕೆ ಸ್ವಂತ ಬೆಳಕೂ ಇಲ್ಲ. ಬಿದ್ದ ಹೆಡ್‌ಲೈಟನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ ಅಷ್ಟೆ. ಅಂಥ ಸ್ಟಿಕ್ಕರನ್ನು ಮೆಟ್ಟಿಲಿಗೆ ಅಂಟಿಸಿ ನಿಶ್ಚಿಂತರಾಗಿರುವ ಕಟ್ಟಡಗಳಿವೆ. ಪಾರಾಗುವ ದಾರಿಗೆ ಬೇಕಾದದ್ದು ಬೆಳಕನ್ನು ಹೀರಿಕೊಂಡು ನಿಧಾನವಾಗಿ ಬಿಡುವ ವಸ್ತು. ಈಗ ಅದಕ್ಕೆ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿಯನ್ನು ಬಳಸುತ್ತಾರೆ.

ಬ್ಯಾಟರಿಯಂತೆ ಇದಕ್ಕೂ ಚಾರ್ಜ್ ಬೇಕು. ಹಗಲು ಬೆಳಕು, ಬಿಳಿ ಟ್ಯೂಬ್‌ಲೈಟ್, ಬಿಳಿ ಎಲ್‌ಇಡಿ ಚೆನ್ನಾಗಿ ತುಂಬುತ್ತವೆ. ಹಳದಿ ಛಾಯೆಯ ಮಂದ ಬಲ್ಬಿನಿಂದ ಅದು ಅರೆಹೊಟ್ಟೆ. ನಮ್ಮ ಮೆಟ್ಟಿಲಿನಲ್ಲಿ ನಡೆದದ್ದು ಅದಕ್ಕಿಂತ ಕಡೆ: ವಿದ್ಯುತ್ ಉಳಿಸಲು ಚಲನೆ ಕಂಡಾಗ ಮಾತ್ರ ಹೊತ್ತುವ ಸೆನ್ಸರ್ ದೀಪ ಹಾಕಲಾಗಿತ್ತು. ಲಿಫ್ಟ್ ಇರುವಾಗ ಮೆಟ್ಟಿಲಲ್ಲಿ ಯಾರು ನಡೆಯುತ್ತಾರೆ? ಫಲಕ ಗಂಟೆಗಟ್ಟಲೆ ಕತ್ತಲಲ್ಲೇ ಇದ್ದು, ಬೇಕಾದ ಹೊತ್ತಿಗೆ ಬರಿದಾಗಿತ್ತು.

ಪರೀಕ್ಷೆ ಸುಲಭ. ರಾತ್ರಿ, ಆ ಜಾಗದಲ್ಲಿ ಎಂದಿನಂತೆ ಇರುವ ಬೆಳಕೇ ಇರಲಿ. ಟಾರ್ಚ್ ಹಿಡಿದು ಚಾರ್ಜ್ ಮಾಡಿದರೆ ಪರೀಕ್ಷೆ ಸುಳ್ಳಾಗುತ್ತದೆ. ಭದ್ರತಾ ಸಿಬ್ಬಂದಿಗೆ ತಿಳಿಸಿ, ಯಾರೂ ಮೆಟ್ಟಿಲಲ್ಲಿಲ್ಲವೆಂದು ನೋಡಿಕೊಂಡು ದೀಪ ಆರಿಸಿ ಹತ್ತು ನಿಮಿಷ ಕಾಯಿರಿ. ಮೊಬೈಲ್ ಪರದೆಯನ್ನು ನೋಡಬೇಡಿ, ಕಣ್ಣು ಕತ್ತಲಿಗೆ ಹೊಂದುವುದಿಲ್ಲ. ಹತ್ತು ನಿಮಿಷ ಏಕೆಂದರೆ ಆರಿದ ಕ್ಷಣದಲ್ಲಿ ಕಳಪೆ ಮಾಲೂ ಝಗ್ಗನೆ ಹೊಳೆಯುತ್ತದೆ. ಮೊದಲ ನಿಮಿಷಗಳಲ್ಲಿ ಹೊಳಪು ಬೇಗ ಇಳಿದು ಆಮೇಲೆ ನಿಧಾನವಾಗುವುದು ಈ ವಸ್ತುವಿನ ಸ್ವಭಾವ. ಒಳ್ಳೆಯ ಫಲಕಗಳ ಅಂಚಿನಲ್ಲಿ 150/22ರಂಥ ಸಂಖ್ಯೆ ಇರುತ್ತದೆ: ಹತ್ತು ನಿಮಿಷದ ನಂತರ ಚದರ ಮೀಟರಿಗೆ 150 ಮಿಲಿಕ್ಯಾಂಡೆಲಾ, ಅರವತ್ತು ನಿಮಿಷದ ನಂತರ 22. ಹೋಲಿಕೆಗೆ, ಪ್ರಯಾಣಿಕರ ಹಡಗುಗಳ ನೆಲಪಟ್ಟಿಗೆ 1993ರ ಅಂತರರಾಷ್ಟ್ರೀಯ ಸೂಚನೆ ಕೇಳಿದ ಕನಿಷ್ಠ ಪ್ರಮಾಣ ಹತ್ತು ನಿಮಿಷಕ್ಕೆ 15, ಅರವತ್ತಕ್ಕೆ 2. ಇವೆಲ್ಲ ಪೂರ್ತಿ ಚಾರ್ಜ್ ಮಾಡಿ ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆಗಳು, ನಿಮ್ಮ ಮೆಟ್ಟಿಲಿನವಲ್ಲ.

ಕತ್ತಲಲ್ಲಿ ನಿಂತಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೊಳೆಯುವುದು ಫಲಕದ ಬಿಳಿ ಭಾಗ ಮಾತ್ರ. ಕೆಂಪು ಶಾಯಿಯೂ ಹಸಿರು ಶಾಯಿಯೂ ಒಂದೇ ಕಪ್ಪು. ಸಿಲಿಂಡರಿನ ಫಲಕವೂ ದಾರಿಯ ಫಲಕವೂ ಕರಿಯ ಚೌಕದೊಳಗಿನ ತಿಳಿಹಸಿರು ಗೀಟುಗಳಾಗಿಬಿಡುತ್ತವೆ. ಬಣ್ಣವನ್ನಷ್ಟೇ ಕಲಿತವರಿಗೆ ಆಗ ಎರಡೂ ಒಂದೇ. ಓಡುವ ಮನುಷ್ಯನನ್ನೂ ಬಾಣವನ್ನೂ ಗುರುತಿಟ್ಟುಕೊಂಡವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಪರೀಕ್ಷೆಯ ಹೊತ್ತಿಗೇ ಮೆಟ್ಟಿಲುಗಳ ಅಂಚನ್ನೂ ನೋಡಿ. ಪಟ್ಟಿ ಪ್ರತಿ ಮೆಟ್ಟಿಲಿಗೂ ಇರಬೇಕು. ನಡುವೆ ಒಂದು ತಪ್ಪಿದರೂ ಕತ್ತಲಲ್ಲಿ ಇಳಿಯುವ ಕಾಲು ಅಲ್ಲೇ ಸಮತಟ್ಟು ಎಂದುಕೊಳ್ಳುತ್ತದೆ. ಧೂಳು ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣ ಬಳಿಯುವವರು ಪಟ್ಟಿಯ ಮೇಲೂ ಕೈಯಾಡಿಸಿದ್ದರೆ ಹೊಸದನ್ನೇ ಹಾಕಿಸಬೇಕು.

ನಮ್ಮ ಕಟ್ಟಡದಲ್ಲಿ ಹೊಸ ಫಲಕವನ್ನು ಕೊಳ್ಳಲಿಲ್ಲ. ಪ್ರತಿ ಮಹಡಿಯ ಮೆಟ್ಟಿಲಿನಲ್ಲಿ ಫಲಕದ ಎದುರಿನ ಒಂದು ದೀಪವನ್ನು ಸೆನ್ಸರಿನಿಂದ ಬಿಡಿಸಿ ಸದಾ ಉರಿಯುವಂತೆ ಮಾಡಿದೆವು, ಬಿಳಿ ಎಲ್‌ಇಡಿ ಹಾಕಿದೆವು. ಮಾರನೆಯ ವಾರ ಮತ್ತೆ ದೀಪ ಆರಿಸಿ ಹತ್ತು ನಿಮಿಷ ನಿಂತಾಗ, ಮೇಲಿನ ತಿರುವಿನಿಂದಲೇ ಓಡುವ ಮನುಷ್ಯ ಕಂಡ. ಅವನ ಪಕ್ಕದ ಬಾಣ ತಾರಸಿಯ ಕಡೆಗೆ ತೋರಿಸುತ್ತಿತ್ತು. ತಾರಸಿಯ ಬಾಗಿಲಿಗೆ ಬೀಗ ಹಾಕಿರುತ್ತಾರೆ. ಈಗ ಬಾಣವನ್ನು ಬದಲಿಸಲು ಹೇಳಿದ್ದೇವೆ.